ಟೇಬಲ್ ತುಂಬಿದ್ದು ತಿನ್ನುವವರಿಂದಲ್ಲ, ಕಾಯುವವರಿಂದ

ಪ್ರಶ್ನೆ: ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಿಂತು ತಿನ್ನುವ ಉಪಾಹಾರ ಮಂದಿರ ನಡೆಸುತ್ತಿದ್ದೇನೆ. ಎಂಟು ಟೇಬಲ್, ಒಂದು ಗಲ್ಲಾ, ಟೋಕನ್ ಪದ್ಧತಿ. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಕಾಲಿಡಲು ಜಾಗವಿರುವುದಿಲ್ಲ. ಆ ಒಂದು ಗಂಟೆಯಲ್ಲಿ ಸುಮಾರು 130 ಟೋಕನ್ ಆಗುತ್ತವೆ, ಅದರಲ್ಲಿ ದೋಸೆ 56ರ ಆಸುಪಾಸು. ದೋಸೆ ಹಂಚು ಮೂರಡಿ ಉದ್ದ, ಎರಡಡಿ ಅಗಲ. ಭಟ್ಟರು ಒಮ್ಮೆಗೆ ನಾಲ್ಕು ಹಾಕುತ್ತಾರೆ. ಎಷ್ಟೋ ಜನ ಬಾಗಿಲಲ್ಲೇ ನೋಡಿ ತಿರುಗಿ ಹೋಗುತ್ತಾರೆ. ಪಕ್ಕದ ಮಳಿಗೆ ತಿಂಗಳಿಗೆ 18,000 ರೂಪಾಯಿ ಬಾಡಿಗೆಗೆ ಸಿಗುತ್ತಿದೆ. ಅದನ್ನು ಹಿಡಿದು ಇನ್ನೂ ಆರು ಟೇಬಲ್ ಹಾಕಲೇ? ಇಲ್ಲವೇ ಗಲ್ಲಾಕ್ಕೆ ಇನ್ನೊಬ್ಬರನ್ನು ಕೂರಿಸಲೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮಳಿಗೆಯ ಮಾಲೀಕರಿಗೆ ಒಂದು ತಿಂಗಳ ಕಾಲಾವಕಾಶ ಕೇಳಿ. ನೀವು ಕೊಟ್ಟ ಅಂಕಿಗಳನ್ನು ನೋಡಿದರೆ ನಿಮ್ಮ ತೊಂದರೆ ಇರುವುದು ಟೇಬಲ್‌ಗಳ ಬಳಿ ಅಲ್ಲ, ದೋಸೆ ಹಂಚಿನ ಬಳಿ. ಜನ ಟೇಬಲ್ ಹಿಡಿದು ನಿಂತಿದ್ದಾರೆ ನಿಜ, ಆದರೆ ಅವರಲ್ಲಿ ಮೂರರಲ್ಲಿ ಒಬ್ಬರ ಮುಂದೆ ತಟ್ಟೆಯೇ ಇರಲಾರದು.

ಲೆಕ್ಕ ಹೀಗೆ. ನಿಲ್ಲುವ ಟೇಬಲ್ ಒಂದಕ್ಕೆ ನಾಲ್ವರು ಎಂದರೆ ನಿಮ್ಮಲ್ಲಿ ಏಕಕಾಲಕ್ಕೆ 32 ಜನಕ್ಕೆ ಜಾಗವಿದೆ. ಒಂದು ಟೋಕನ್‌ನಲ್ಲಿ ಇಬ್ಬರ ತಿಂಡಿ ತೆಗೆಸುವವರೂ ಇರುವುದರಿಂದ 130 ಟೋಕನ್ ಎಂದರೆ ಸುಮಾರು 160 ಜನ ಎಂದು ಹಿಡಿಯೋಣ. ನಿಂತು ಇಡ್ಲಿ-ವಡೆ ತಿನ್ನಲು ಆರೇಳು ನಿಮಿಷ, ದೋಸೆಗೆ ಎಂಟೊಂಬತ್ತು, ಮೇಲೊಂದು ಚಹಾ ಕುಡಿದರೆ ಇನ್ನೆರಡು ನಿಮಿಷ. ಸರಾಸರಿ ಎಂಟು ನಿಮಿಷ ಎನ್ನಬಹುದು. ಒಬ್ಬರು ಎಂಟು ನಿಮಿಷ ನಿಲ್ಲುವುದಾದರೆ ಒಂದು ಜಾಗ ಗಂಟೆಗೆ ಏಳೂವರೆ ಜನರಿಗೆ ಒದಗುತ್ತದೆ. 32 ಜಾಗಗಳು 240 ಜನರಿಗೆ ಸಾಕು. ನಿಮ್ಮಲ್ಲಿಗೆ ಬರುವವರು 160. ಹಾಗಿದ್ದರೆ ಮೂರರಲ್ಲಿ ಒಂದು ಜಾಗ ಖಾಲಿ ಇರಬೇಕಿತ್ತು.

ಇರುವುದಿಲ್ಲ ಎನ್ನುತ್ತೀರಿ. ಅಂದರೆ ಜನ ಎಂಟು ನಿಮಿಷಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದಾರೆ. ಎಷ್ಟು ಹೊತ್ತು ಎಂಬುದನ್ನೂ ಇದೇ ಲೆಕ್ಕ ಹೇಳುತ್ತದೆ: ಒಬ್ಬೊಬ್ಬರೂ ಸರಾಸರಿ ಹನ್ನೆರಡು ನಿಮಿಷ ಒಳಗಿದ್ದರೆ 160 ಜನ 32 ಜಾಗಗಳನ್ನು ಸರಿಯಾಗಿ ತುಂಬುತ್ತಾರೆ. ತಿನ್ನಲು ಎಂಟು, ಉಳಿದ ನಾಲ್ಕು ನಿಮಿಷ ಬರೀ ಕಾಯುವುದು. ಆ ನಾಲ್ಕು ನಿಮಿಷ ಎಲ್ಲರ ಮೇಲೂ ಸಮವಾಗಿ ಬೀಳುವುದಿಲ್ಲ. ಇಡ್ಲಿ, ಉಪ್ಪಿಟ್ಟು, ಶಿರಾ ತೆಗೆದುಕೊಳ್ಳುವವರು ಒಂದು ನಿಮಿಷದಲ್ಲಿ ತಟ್ಟೆ ಹಿಡಿದು ಹೋಗುತ್ತಾರೆ. ದೋಸೆಯವರು ಹತ್ತು ನಿಮಿಷ ಕಾಯುತ್ತಾರೆ, ಕಾಯುವಾಗ ಟೇಬಲ್‌ಗೆ ಒರಗಿ, ಚೀಲವನ್ನು ಅದರ ಮೇಲಿಟ್ಟು, ಮೊಬೈಲ್ ನೋಡುತ್ತ ನಿಲ್ಲುತ್ತಾರೆ. ತಟ್ಟೆ ಹಿಡಿದ ಇಡ್ಲಿಯವನಿಗೆ ಜಾಗ ಸಿಗದೆ ಗೋಡೆಗೆ ಆತುಕೊಂಡು ತಿನ್ನುತ್ತಾನೆ. ಬಾಗಿಲಲ್ಲಿ ಇಣುಕಿದವನಿಗೆ ಕಾಣುವುದು ಬರೀ ಗದ್ದಲ.

ಇದು ಕಾಗದದ ಲೆಕ್ಕ. ನಂಬುವ ಮೊದಲು ಕಣ್ಣಾರೆ ನೋಡಿ. ಎರಡು ದಿನ, ಒಂದು ಸೋಮವಾರ, ಒಂದು ವಾರದ ನಡುವಿನ ದಿನ, ಎಂಟೂವರೆಯಿಂದ ಹತ್ತು ನಿಮಿಷಕ್ಕೊಮ್ಮೆ ಮೂಲೆಯಲ್ಲಿ ನಿಂತು ಎರಡೇ ಸಂಖ್ಯೆ ಬರೆದುಕೊಳ್ಳಿ: ಟೇಬಲ್ ಬಳಿ ತಟ್ಟೆ ಅಥವಾ ಲೋಟ ಇರುವವರು ಎಷ್ಟು, ಬರೀ ಟೋಕನ್ ಹಿಡಿದವರು ಎಷ್ಟು. ಜೊತೆಗೆ, ಬಿಲ್ ಯಂತ್ರ ಟೋಕನ್ ಮೇಲೆ ಸಮಯ ಮುದ್ರಿಸುವಂತೆ ಮಾಡಿ. ಬಹುತೇಕ ಎಲ್ಲ ಯಂತ್ರಗಳಲ್ಲೂ ಆ ಸೌಲಭ್ಯವಿದೆ. ದೋಸೆ ಕೊಡುವ ಹುಡುಗ ಟೋಕನ್ ತೆಗೆದುಕೊಂಡಾಗ ಗೋಡೆಯ ಗಡಿಯಾರ ನೋಡಿ ಅದರ ಬೆನ್ನಿಗೆ ನಿಮಿಷ ಬರೆದು ಕಂಬಿಗೆ ಚುಚ್ಚಲಿ. ಎಲ್ಲ ಟೋಕನ್‌ಗಳಿಗೂ ಬೇಕಿಲ್ಲ, ಐದಕ್ಕೊಂದು ಸಾಕು. ಮಧ್ಯಾಹ್ನ ಕಂಬಿಯಿಂದ ಬಿಚ್ಚಿ ಸಾಲಾಗಿ ಇಟ್ಟರೆ ಕಾಯುವಿಕೆ ಎಷ್ಟು ಗಂಟೆಗೆ ಶುರುವಾಯಿತು, ಎಲ್ಲಿ ಏರಿತು ಎಂಬುದು ತಾನೇ ಕಾಣುತ್ತದೆ. ಬರೀ ಟೋಕನ್ ಹಿಡಿದವರು ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚಿದ್ದರೆ ನನ್ನ ಊಹೆ ಸರಿ. ಬಹುಪಾಲು ಜನರ ಮುಂದೆ ತಟ್ಟೆ ಇದ್ದೂ ಜಾಗವಿಲ್ಲದಿದ್ದರೆ ಮಾತ್ರ ಟೇಬಲ್ ಕಡಿಮೆ ಎಂದು ಅರ್ಥ.

ಈಗ ಹಂಚಿಗೆ ಬರೋಣ. ಅಸಲಿ ವಿಷಯ ಇಲ್ಲಿದೆ.

ಒಂದು ಸುತ್ತು ದೋಸೆಗೆ ನೀರು ಚಿಮುಕಿಸಿ ಪೊರಕೆಯಿಂದ ಒರೆಸುವುದು, ಹಿಟ್ಟು ಹಾಕಿ ತೀಡುವುದು, ಎಣ್ಣೆ, ಚಟ್ನಿ, ಪಲ್ಯ, ಮಡಚಿ ತೆಗೆಯುವುದು, ಎಲ್ಲ ಸೇರಿ ಐದು ನಿಮಿಷ. ಗಂಟೆಗೆ ಹನ್ನೆರಡು ಸುತ್ತು. ಸುತ್ತಿಗೆ ನಾಲ್ಕು ಎಂದರೆ 48 ದೋಸೆ. ಕೇಳುವವರು 56. ಗಂಟೆಯ ಕೊನೆಗೆ ಎಂಟು ದೋಸೆ ಬಾಕಿ, ಅಂದರೆ ಎರಡು ಸುತ್ತು, ಹತ್ತು ನಿಮಿಷ. ಅದರ ಮೇಲೆ ತನ್ನದೇ ಸುತ್ತಿನ ಐದು ನಿಮಿಷ. ಒಂಬತ್ತೂಕಾಲಿನ ಹೊತ್ತಿಗೆ ಟೋಕನ್ ತೆಗೆಸಿದವರು ಹನ್ನೆರಡು, ಹದಿನೈದು ನಿಮಿಷ ಕಾಯುವುದು ಹೀಗೆ. ಕೊರತೆ ಇರುವುದು ಎಂಟೇ ದೋಸೆಯದು, ಆದರೆ ಅದರ ಪೆಟ್ಟು ಇಡೀ ಅಂಗಡಿಗೆ.

ಎರಡಡಿ-ಮೂರಡಿ ಹಂಚಿನಲ್ಲಿ ಹತ್ತಂಗುಲದ ದೋಸೆ ಎರಡು ಸಾಲಿನಲ್ಲಿ ಆರು ಹಿಡಿಯಬೇಕು. ನಿಮ್ಮ ಭಟ್ಟರು ನಾಲ್ಕು ಹಾಕುವುದು ಸೋಮಾರಿತನದಿಂದ ಎಂದು ದಯವಿಟ್ಟು ಭಾವಿಸಬೇಡಿ. ಎರಡು ತುದಿಗಳಲ್ಲಿ ದೋಸೆ ಬೇಯುವುದಿಲ್ಲ ಎಂಬುದು ಅವರ ಕೈಗೆ ಗೊತ್ತಿದೆ, ಅದಕ್ಕೇ ನಡುವಿನ ಭಾಗವನ್ನಷ್ಟೇ ಬಳಸುತ್ತಿದ್ದಾರೆ. ಪರೀಕ್ಷಿಸುವುದು ಸುಲಭ. ಬೆಳಿಗ್ಗೆ ಹಂಚು ಕಾದ ಮೇಲೆ, ಎಣ್ಣೆ ಹಚ್ಚುವ ಮುಂಚೆ, ಒಣ ಗೋಧಿ ಹಿಟ್ಟನ್ನು ಅದರ ಮೇಲೆ ತುದಿಯಿಂದ ತುದಿಗೆ ತೆಳ್ಳಗೆ ಉದುರಿಸಿ. ಎಲ್ಲಿ ಬೇಗ ಕೆಂಪಾಗಿ ಕಪ್ಪಾಗುತ್ತದೋ ಅಲ್ಲಿ ಉರಿ ಹೆಚ್ಚು. ಎಲ್ಲಿ ಬೆಳ್ಳಗೇ ಉಳಿಯುತ್ತದೋ ಅಲ್ಲಿ ಉರಿ ತಲುಪುತ್ತಿಲ್ಲ. ನಡುವೆ ಒಂದು ಗುಂಡನೆಯ ಕಪ್ಪು ಕಲೆ, ಎರಡೂ ತುದಿಗೆ ಬಿಳಿ ಹಿಟ್ಟು ಕಂಡರೆ, ಕೆಳಗೆ ಇರುವುದು ನಡುವಿನ ಒಂದೇ ಒಲೆ ಎಂದರ್ಥ. ಉದ್ದಕ್ಕೂ ಉರಿಯುವ ಪೈಪ್ ಬರ್ನರ್ ಅಥವಾ ಎರಡು ಒಲೆಗಳನ್ನು ಹಾಕಿಸಿ, ಪ್ರತಿಯೊಂದಕ್ಕೂ ಬೇರೆ ತಿರುಪು ಇರಲಿ. ಹಂಚಿನ ದಪ್ಪವನ್ನೂ ನೋಡಿ. ತೆಳುವಾದ ತಗಡು ನೀರು ಚಿಮುಕಿಸಿದ ಕೂಡಲೇ ತಣ್ಣಗಾಗುತ್ತದೆ, ಮತ್ತೆ ಕಾಯಲು ಸಮಯ ತಿನ್ನುತ್ತದೆ. ಹನ್ನೆರಡು ಮಿಲಿಮೀಟರ್ ಆಸುಪಾಸಿನ ದಪ್ಪ ಕಬ್ಬಿಣದ ಹಂಚು ಕಾಯಲು ತಡ ಮಾಡಿದರೂ ಒಮ್ಮೆ ಕಾದರೆ ಬಿಸಿ ಬಿಟ್ಟುಕೊಡುವುದಿಲ್ಲ. ಅದನ್ನು ಏಳು ಗಂಟೆಗೇ ಹೊತ್ತಿಸಬೇಕು ಅಷ್ಟೇ.

ಆರು ದೋಸೆಯ ಸುತ್ತು ಕೂಡಿಬಂದರೆ ಗಂಟೆಗೆ 72. ನಿಮ್ಮ 56ಕ್ಕೆ ಅದು ಧಾರಾಳ. ಈ ಸಡಿಲು ವ್ಯರ್ಥವಲ್ಲ: ಜನ ಐದು ನಿಮಿಷಕ್ಕೆ ಐದರಂತೆ ಶಿಸ್ತಾಗಿ ಬರುವುದಿಲ್ಲ. ಬಸ್ ಬಂದಾಗ, ತರಗತಿ ಬಿಟ್ಟಾಗ ಹತ್ತು ಜನ ಒಟ್ಟಿಗೆ ನುಗ್ಗುತ್ತಾರೆ. ಹಂಚಿನ ಸಾಮರ್ಥ್ಯಕ್ಕೂ ಬೇಡಿಕೆಗೂ ನಡುವೆ ಕಾಲು ಭಾಗದಷ್ಟು ಅಂತರವಿದ್ದರೆ ಮಾತ್ರ ಅಂಥ ನೂಕುನುಗ್ಗಲು ಒಂದೆರಡು ಸುತ್ತಿನಲ್ಲಿ ಕರಗುತ್ತದೆ.

ಒಲೆ ಬದಲಿಸಿದ ಮೇಲೂ ಒಂಬತ್ತು ಗಂಟೆಯ ಸುಮಾರಿಗೆ ದೋಸೆ ನಿಧಾನವಾದರೆ ಸಿಲಿಂಡರ್ ಕಡೆ ನೋಡಿ. ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ಹತ್ತೊಂಬತ್ತು ಕೆ.ಜಿ.ಯ ಒಂದೇ ಸಿಲಿಂಡರ್‌ನಿಂದ ದೋಸೆ ಹಂಚು, ಇಡ್ಲಿ ಪೆಟ್ಟಿಗೆ, ಪೂರಿ ಬಾಣಲೆ, ಚಹಾ ಎಲ್ಲವೂ ಉರಿಯುತ್ತಿದ್ದರೆ ಒಳಗಿನ ದ್ರವ ಅನಿಲವಾಗುವ ವೇಗ ಸಾಲದಾಗುತ್ತದೆ. ಅನಿಲವಾಗುವಾಗ ದ್ರವ ತನ್ನ ಬಿಸಿಯನ್ನೇ ಕಳೆದುಕೊಳ್ಳುತ್ತದೆ, ಸಿಲಿಂಡರ್ ತಣ್ಣಗಾಗುತ್ತದೆ, ತಣ್ಣಗಾದಷ್ಟೂ ಒತ್ತಡ ಇಳಿಯುತ್ತದೆ. ಸಿಲಿಂಡರ್ ಮುಟ್ಟಿ ನೋಡಿ: ಕೆಳಭಾಗ ಕೊರೆಯುತ್ತಿದ್ದರೆ, ಹೊರಗೆ ನೀರಿನ ಹನಿ ಅಥವಾ ಬಿಳಿ ಮಂಜು ಕಟ್ಟಿದ್ದರೆ ಕಾರಣ ಅದೇ. ಡಿಸೆಂಬರ್-ಜನವರಿಯ ಬೆಳಗಿನಲ್ಲಿ, ಧಾರವಾಡದ ಮಳೆಗಾಲದಲ್ಲಿ ಇದು ಹೆಚ್ಚು. ಐದು ನಿಮಿಷದ ಸುತ್ತು ಆರು ನಿಮಿಷವಾದರೂ ಸಾಕು, ಗಂಟೆಗೆ ಎರಡು ಸುತ್ತು ಹೋದವು. ಇದಕ್ಕೆ ಮದ್ದು ಎರಡು ಸಿಲಿಂಡರ್‌ಗಳನ್ನು ಒಂದೇ ಕೊಳವೆಗೆ ಒಟ್ಟಿಗೆ ಜೋಡಿಸುವುದು. ಗ್ಯಾಸ್ ವಿತರಕರ ಮೆಕ್ಯಾನಿಕ್ ಬಂದು ಸರಿಯಾದ ಕವಾಟ, ರೆಗ್ಯುಲೇಟರ್ ಸಮೇತ ಮಾಡಿಕೊಡುತ್ತಾರೆ. ಸಿಲಿಂಡರ್ ಮೇಲೆ ಕುದಿಯುವ ನೀರು ಸುರಿಯುವುದು, ಅದನ್ನು ಅಡ್ಡ ಮಲಗಿಸುವುದು, ಬೋರಲು ಹಾಕುವುದು, ಇವುಗಳನ್ನು ನಿಮ್ಮ ಅಡುಗೆ ಮನೆಯಲ್ಲಿ ಯಾರೂ ಮಾಡದಂತೆ ನೋಡಿಕೊಳ್ಳಿ. ದ್ರವರೂಪದ ಗ್ಯಾಸ್ ಒಲೆಗೆ ನುಗ್ಗಿದರೆ ಬೆಂಕಿ ಯಾರ ಕೈಯಲ್ಲೂ ಇರುವುದಿಲ್ಲ. ಅವಸರದ ಹೊತ್ತಿನಲ್ಲಿ ಹುಡುಗರು ಇಂಥದ್ದನ್ನೇ ಮಾಡುತ್ತಾರೆ, ಆದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಿಟ್ಟನ್ನು ಫ್ರಿಜ್‌ನಿಂದ ನೇರವಾಗಿ ಹಂಚಿಗೆ ತರುವುದೂ ಸುತ್ತನ್ನು ಉದ್ದ ಮಾಡುತ್ತದೆ. ಎಂಟೂವರೆಗೆ ಬೇಕಾದ ಹಿಟ್ಟು ಏಳೂವರೆಗೇ ಹೊರಗಿರಲಿ, ಅದೂ ಅಷ್ಟೇ ಪ್ರಮಾಣದಲ್ಲಿ. ಬೇಸಿಗೆಯಲ್ಲಿ ಇಡೀ ಕೊಳಗವನ್ನು ಹೊರಗಿಟ್ಟರೆ ಹತ್ತರ ಹೊತ್ತಿಗೆ ಹುಳಿ ಏರಿರುತ್ತದೆ.

ಇನ್ನು ಪಟ್ಟಿ. ಆ ಒಂದು ಗಂಟೆ ಹಂಚಿನ ಮೇಲೆ ಸಾದಾ ಮತ್ತು ಮಸಾಲೆ ದೋಸೆ ಮಾತ್ರ ಇರಲಿ. ಉತ್ತಪ್ಪ ದಪ್ಪನಾದ್ದರಿಂದ ಎರಡೂ ಬದಿ ಬೇಯಲು ಏಳೆಂಟು ನಿಮಿಷ ಬೇಕು. ಆರರ ಸುತ್ತಿನಲ್ಲಿ ಒಂದು ಉತ್ತಪ್ಪ ಸೇರಿದರೆ ಆ ಜಾಗವನ್ನು ಒರೆಸಲಾಗದೆ ಮುಂದಿನ ಸುತ್ತು ಐದರದ್ದಾಗುತ್ತದೆ, ಭಟ್ಟರ ಕೈಯ ಲಯವೂ ತಪ್ಪುತ್ತದೆ. ಉತ್ತಪ್ಪ, ಸೆಟ್ ದೋಸೆ, ಈರುಳ್ಳಿ ದೋಸೆ ಒಂಬತ್ತೂವರೆಯ ನಂತರ ಎಂದು ಫಲಕದಲ್ಲೇ ಬರೆಸಿ. ಒಂದು ವಾರ ಗೊಣಗುತ್ತಾರೆ. ಪಡ್ಡು ಇಟ್ಟಿದ್ದರೆ ಅದಕ್ಕೆ ಬೇರೆ ಒಲೆ, ಬೇರೆ ಕೈ ಇರಬೇಕು. ದೋಸೆ ಭಟ್ಟರಿಗೇ ಅದನ್ನೂ ಒಪ್ಪಿಸಬೇಡಿ.

ಇನ್ನೊಂದು ರೂಢಿ ಬೆಳೆಸಿ. ಆ ಗಂಟೆಯಲ್ಲಿ ಮುಂದಿನ ಐದು ನಿಮಿಷದಲ್ಲಿ ನಾಲ್ಕು ದೋಸೆಯಾದರೂ ಹೋಗಿಯೇ ಹೋಗುತ್ತವೆ ಎಂಬುದು ನಿಮಗೆ ಗೊತ್ತು. ಹಾಗಿದ್ದ ಮೇಲೆ ಟೋಕನ್ ಬರುವವರೆಗೆ ಹಂಚು ಖಾಲಿ ಬಿಡುವುದೇಕೆ? ಎಂಟು ಇಪ್ಪತ್ತೈದಕ್ಕೇ ಮೊದಲ ಸುತ್ತು ಹಾಕಿಸಿ, ಆಮೇಲೆ ಒಂಬತ್ತೂಕಾಲಿನವರೆಗೆ ಸುತ್ತು ನಿಲ್ಲದಿರಲಿ. ಆದರೆ ತೆಗೆದ ದೋಸೆಯನ್ನು ಒಂದರ ಮೇಲೊಂದು ಪೇರಿಸಿಡಬೇಡಿ. ತನ್ನದೇ ಹಬೆಗೆ ಎರಡು ನಿಮಿಷದಲ್ಲಿ ಮೆತ್ತಗಾಗುತ್ತದೆ, ಹುಬ್ಬಳ್ಳಿಯ ಗಿರಾಕಿ ಅದನ್ನು ಎರಡನೇ ಸಲ ಕ್ಷಮಿಸುವುದಿಲ್ಲ.

ಹಂಚು ಸರಿಯಾದ ಮೇಲೆ ಟೋಕನ್. ನಿಮ್ಮಲ್ಲಿ ಈಗ ಒಂದೇ ಚೀಟಿಯಲ್ಲಿ ಇಡ್ಲಿ, ದೋಸೆ, ಚಹಾ ಎಲ್ಲ ಒಟ್ಟಿಗೆ ಬರುತ್ತಿರಬಹುದು. ಅದನ್ನು ಹಿಡಿದವರು ಮೊದಲು ಇಡ್ಲಿ ಪಡೆದು, ಅದೇ ಚೀಟಿಯನ್ನು ದೋಸೆಯ ಬಳಿ ಕೊಟ್ಟು, ಮತ್ತೆ ವಾಪಸ್ ಕೇಳಿ ಚಹಾಕ್ಕೆ ಹೋಗುತ್ತಾರೆ. ಕೌಂಟರ್ ಮುಂದೆ ಕೈಗಳು ಅಡ್ಡಾದಿಡ್ಡಿ ಚಾಚುವುದು ಇದರಿಂದಲೇ. ಯಂತ್ರದಲ್ಲಿ ಪದಾರ್ಥಗಳನ್ನು ಮೂರು ಗುಂಪು ಮಾಡಿಸಿ: ತಯಾರಿರುವ ತಿಂಡಿ, ಹಂಚಿನ ತಿಂಡಿ, ಚಹಾ-ಕಾಫಿ. ಒಂದೇ ಬಿಲ್‌ಗೆ ಗುಂಪಿಗೊಂದರಂತೆ ಪ್ರತ್ಯೇಕ ಚೀಟಿ ಹೊರಬರಲಿ. ದೋಸೆ ಚೀಟಿಗೆ ಮಾತ್ರ ದೊಡ್ಡ ಅಕ್ಷರದ ಕ್ರಮಸಂಖ್ಯೆ ಇರಲಿ, ಅದು ಪ್ರತಿದಿನ ಒಂದರಿಂದ ಶುರುವಾಗಲಿ. ಸಂಖ್ಯೆ ತೋರಿಸುವ ಫಲಕ ಹಾಕಿಸಿದರೆ ಒಳ್ಳೆಯದು. ಇಲ್ಲದಿದ್ದರೆ ಗಟ್ಟಿ ಧ್ವನಿಯ ಹುಡುಗನೊಬ್ಬ ಸಾಕು.

ದೋಸೆಯ ಗಿರಾಕಿ ಟೋಕನ್ ತೆಗೆಸಿದ ಕೂಡಲೇ ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ನೀವೇ ನಿರ್ಧರಿಸಬೇಕು. ಹಂಚಿನ ಎದುರಿನ ಗೋಡೆಯ ಉದ್ದಕ್ಕೆ ಒಂದಡಿ ಅಗಲದ ಕಟ್ಟೆ ಹಲಗೆ ಹಾಕಿಸಿ, ಮೇಲೆ "ದೋಸೆ ಪಾಳಿ ಇಲ್ಲಿ" ಎಂದು ಬರೆಸಿ. ಚೀಲ ಇಡಲು, ಒರಗಲು ಅಷ್ಟು ಸಾಕು. ಹಂಚು ಕಣ್ಣೆದುರು ಇದ್ದರೆ ಕಾಯುವವರಿಗೆ ತಮ್ಮ ಸುತ್ತು ಯಾವುದೆಂದು ಕಾಣುತ್ತದೆ, ಕೌಂಟರ್‌ಗೆ ಬಂದು "ನಮ್ಮದು ಆಯಿತೇ" ಎಂದು ಕೇಳುವುದು ನಿಲ್ಲುತ್ತದೆ. ಧಾರವಾಡದ ಬಸ್ ನಿಲ್ದಾಣದ ಬಳಿಯ ಒಂದು ಅಂಗಡಿಯಲ್ಲಿ ಈ ಹಲಗೆ ಹಾಕಿಸಿದಾಗ ಟೇಬಲ್‌ಗಳು ಅದೇ ವಾರದಲ್ಲಿ ಬಿಡುವಾದವು. ದೋಸೆಯ ವೇಗ ಒಂದಿಷ್ಟೂ ಬದಲಾಗಿರಲಿಲ್ಲ.

ಕೊಟ್ಟ ಚೀಟಿಯನ್ನು ಅರ್ಧ ಹರಿದು ಕಂಬಿಗೆ ಚುಚ್ಚುವುದನ್ನು ಮಾತ್ರ ಎಂದೂ ಬಿಡಬೇಡಿ. ಹರಿಯದ ಚೀಟಿ ಮತ್ತೊಮ್ಮೆ ಕೌಂಟರ್‌ಗೆ ಬರಬಲ್ಲದು, ಹೊರಗಿನವರಿಂದಲೂ ಒಳಗಿನವರಿಂದಲೂ. ಮುಚ್ಚುವಾಗ ಕಂಬಿಯ ಮೇಲಿನ ದೋಸೆ ಚೀಟಿಗಳಿಗೂ ಯಂತ್ರದ ದೋಸೆ ಲೆಕ್ಕಕ್ಕೂ ತಾಳೆ ನೋಡಿ. ಎರಡು ಮೂರರ ವ್ಯತ್ಯಾಸ ಸಹಜ, ದಿನವೂ ಹತ್ತಿದ್ದರೆ ವಿಚಾರಿಸಬೇಕು.

ಗಲ್ಲಾಕ್ಕೆ ಇನ್ನೊಬ್ಬರು ಬೇಡ ಎಂದಿದ್ದಕ್ಕೆ ಕಾರಣ ಈಗ ಸ್ಪಷ್ಟವಾಗಿರಬೇಕು. ಗಂಟೆಗೆ 130 ಟೋಕನ್ ಎಂದರೆ ಒಂದಕ್ಕೆ 28 ಸೆಕೆಂಡ್. ಅಷ್ಟರಲ್ಲಿ ಒಬ್ಬರು ಆರಾಮವಾಗಿ ನಿಭಾಯಿಸಬಹುದು. ಹಂಚು 48ರಲ್ಲೇ ನಿಂತಿರುವಾಗ ಗಲ್ಲಾವನ್ನು ಎರಡು ಮಾಡಿದರೆ ಬಾಗಿಲ ಹೊರಗೆ ನಿಂತ ಪಾಳಿ ಒಳಗೆ ಬಂದು ಟೇಬಲ್ ಹಿಡಿಯುತ್ತದೆ, ಅಷ್ಟೇ. ಹಣ ಕೊಟ್ಟಾದ ಮೇಲೆ ಕಾಯುವವರ ಸಿಟ್ಟು ಕೊಡುವ ಮುಂಚಿನದಕ್ಕಿಂತ ಹೆಚ್ಚು. ಹಂಚು ಸುಧಾರಿಸಿದ ಮೇಲೆ ಗಲ್ಲಾ ನಿಧಾನ ಎನ್ನಿಸಿದರೆ, ಮೊದಲು ದರ ಫಲಕವನ್ನು ಪಾಳಿಯ ಕೊನೆಯಲ್ಲಿ ನಿಂತವರಿಗೂ ಕಾಣುವಂತೆ ಎತ್ತರಕ್ಕೆ ಏರಿಸಿ. "ಏನೇನಿದೆ?" ಎಂಬ ಪ್ರಶ್ನೆ ಗಲ್ಲಾದ ಮುಂದೆ ಹುಟ್ಟಬಾರದು. ದರಗಳು ಹತ್ತರ, ಐದರ ಲೆಕ್ಕದಲ್ಲಿರಲಿ. 37, 43 ಎಂದು ಇಟ್ಟರೆ ಚಿಲ್ಲರೆ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಯುಪಿಐ ಹಣ ಬಂದಿದ್ದನ್ನು ಕೂಗಿ ಹೇಳುವ ಪೆಟ್ಟಿಗೆ ಗಲ್ಲಾದಲ್ಲಿ ಕೂತವರ ಕಿವಿಯ ಹತ್ತಿರವೇ ಇರಲಿ, ಗಿರಾಕಿಯ ಮೊಬೈಲ್ ಪರದೆ ನೋಡುವ ಕೆಲಸ ಉಳಿಯುತ್ತದೆ.

ತಟ್ಟೆಗಳ ವಿಷಯ ಒಂದೆರಡು ಮಾತಿನಲ್ಲಿ. ಒಂದು ತಟ್ಟೆ ಗಿರಾಕಿಯ ಕೈಗೆ ಹೋಗಿ, ಮುಸುರೆ ತೊಟ್ಟಿಗೆ ಬಿದ್ದು, ತೊಳೆದು ಒಣಗಿ ಮತ್ತೆ ಕೌಂಟರ್‌ಗೆ ಬರಲು ಇಪ್ಪತ್ತು ನಿಮಿಷ ಹಿಡಿದರೆ, ಗಂಟೆಗೆ 160 ಜನಕ್ಕೆ 54 ತಟ್ಟೆಗಳು ಸದಾ ಚಲನೆಯಲ್ಲಿರುತ್ತವೆ. ಎಂಬತ್ತಾದರೂ ಇಟ್ಟುಕೊಳ್ಳಿ. ತಟ್ಟೆ ಸಾಲದೆಂದು ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುವ ದಾರಿಗೆ ಹೋಗಬೇಡಿ. ರಾಜ್ಯದಲ್ಲಿ 2016ರಿಂದಲೇ ಅದಕ್ಕೆ ನಿಷೇಧವಿದೆ, ಬಿಸಿ ಸಾಂಬಾರ್‌ಗೆ ಅದು ತರವೂ ಅಲ್ಲ. ಮುಸುರೆ ತೊಟ್ಟಿ ಮತ್ತು ಕೈ ತೊಳೆಯುವ ನಲ್ಲಿ ಹೊರಹೋಗುವ ದಾರಿಯಲ್ಲಿ ಇರಬೇಕು. ಕೌಂಟರ್ ಪಕ್ಕದಲ್ಲಿದ್ದರೆ ತಿಂದವರು ಮತ್ತೆ ಒಳಗೆ ನುಗ್ಗಿ, ತಟ್ಟೆ ಹಿಡಿದು ಬರುವವರಿಗೆ ಎದುರಾಗುತ್ತಾರೆ.

ಟೇಬಲ್ ಬೇಗ ಬಿಡುವಾಗಲಿ ಎಂದು ಗಿರಾಕಿಗಳನ್ನು ಅವಸರಿಸುವುದನ್ನು ನಾನು ಒಪ್ಪುವುದಿಲ್ಲ. ತಟ್ಟೆ ಖಾಲಿಯಾಗುವ ಮೊದಲೇ ಬಟ್ಟೆ ಹಿಡಿದು ಒರೆಸಲು ಬರುವ ಹುಡುಗನನ್ನು ಕಂಡರೆ ನಮ್ಮ ಕಡೆಯ ಜನಕ್ಕೆ ಅವಮಾನವೆನಿಸುತ್ತದೆ. ಬೆಂಗಳೂರಿನ ದರ್ಶಿನಿಗಳಲ್ಲಿ ಜನ ತಿಂದು ಹೊರಡುವ ಗತಿಯೇ ಬೇರೆ. ಇಲ್ಲಿ ತಿಂಡಿ ಬೇಗ ಮುಗಿಸಿದವರೂ ಚಹಾ ಹಿಡಿದು ನಾಲ್ಕು ಮಾತಾಡದೆ ಹೋಗುವುದಿಲ್ಲ. ಆ ಮಾತಿಗೆ ಬೇರೆ ಜಾಗ ಕೊಡಿ. ಚಹಾ ಕೌಂಟರನ್ನು ಬಾಗಿಲ ಬಳಿಗೆ ತನ್ನಿ, ನಿಮ್ಮ ಗಡಿಯೊಳಗೇ ಗೋಡೆಗೆ ಲೋಟ ಇಡುವಷ್ಟು ಅಗಲದ ಹಲಗೆ ಹಾಕಿಸಿ. ಚಹಾದವರು ತಾವಾಗಿ ಟೇಬಲ್ ಬಿಟ್ಟು ಅಲ್ಲಿಗೆ ಸರಿಯುತ್ತಾರೆ. ಪಾದಚಾರಿ ಮಾರ್ಗದ ಮೇಲೆ ಟೇಬಲ್ ಇಡಬೇಡಿ, ಅದು ಮಹಾನಗರ ಪಾಲಿಕೆಯ ಜಾಗ. ಎತ್ತಿಕೊಂಡು ಹೋದರೆ ಕೇಳಲು ನಿಮಗೆ ಮುಖವಿರುವುದಿಲ್ಲ. ಹಿರಿಯರಿಗೆ, ಮಕ್ಕಳನ್ನು ಎತ್ತಿಕೊಂಡವರಿಗೆ ಒಂದು ಮೂಲೆಯಲ್ಲಿ ನಾಲ್ಕು ಜನ ಕೂರುವ ಬೆಂಚು ಇರಲೇಬೇಕು. ಅದರಿಂದ ಒಂದು ಟೇಬಲ್‌ನ ಜಾಗ ಹೋದರೂ ಚಿಂತೆಯಿಲ್ಲ.

ಇಷ್ಟು ಮಾಡಿದ ಮೇಲೆ ಲೆಕ್ಕ ಎಲ್ಲಿಗೆ ಬರುತ್ತದೆ ನೋಡಿ. ದೋಸೆಯವರು ಆರೇಳು ನಿಮಿಷ ಕಾಯುತ್ತಾರೆ, ಅದೂ ಟೇಬಲ್ ಬಳಿ ಅಲ್ಲ. ಟೇಬಲ್ ಬಳಿ ಒಬ್ಬರು ನಿಲ್ಲುವುದು ಎಂಟೊಂಬತ್ತು ನಿಮಿಷ. ಒಂಬತ್ತು ಎಂದೇ ಹಿಡಿದರೂ 160 ಜನಕ್ಕೆ 24 ಜಾಗ ಸಾಕು, ಎಂಟು ಜಾಗ ಉಳಿಯುತ್ತವೆ. ಅಂದರೆ ಈಗಿರುವ ಎಂಟೇ ಟೇಬಲ್‌ಗಳಲ್ಲಿ ಗಂಟೆಗೆ ಇನ್ನೂ ಐವತ್ತು ಜನರಿಗೆ ಎಡೆಯಿದೆ. ಬಾಗಿಲಲ್ಲಿ ತಿರುಗಿ ಹೋಗುತ್ತಿದ್ದವರು ಒಳಗೆ ಬರಲು ಶುರುಮಾಡಿದಾಗ ದೋಸೆಯ ಬೇಡಿಕೆಯೂ 56ರಿಂದ ಏರುತ್ತದೆ ಎಂಬುದು ನೆನಪಿರಲಿ. ಎಪ್ಪತ್ತರ ಹತ್ತಿರ ಬಂತೆಂದರೆ ಆರರ ಹಂಚೂ ಸಾಲದು. ಆಗ ಎರಡನೇ ಸಣ್ಣ ಹಂಚು ಮತ್ತು ಹಿಟ್ಟು ಹಾಕುವ, ಪಲ್ಯ ಇಡುವ ಒಬ್ಬ ಸಹಾಯಕ ಬೇಕಾಗುತ್ತಾನೆ. ಇಡ್ಲಿಯ ಕಡೆಗೂ ಆಗ ಕಣ್ಣಿಡಬೇಕು: ಇಡ್ಲಿ ಬೇಯಲು ಹತ್ತು-ಹನ್ನೆರಡು ನಿಮಿಷ ಬೇಕಿರುವುದರಿಂದ ಕೌಂಟರ್‌ನಲ್ಲಿ ಅರ್ಧ ಉಳಿದಾಗಲೇ ಮುಂದಿನ ಪೆಟ್ಟಿಗೆ ಒಲೆಯ ಮೇಲಿರಬೇಕು. ಮುಗಿದ ಮೇಲೆ ಇಟ್ಟರೆ ಇಡ್ಲಿಯವರೂ ದೋಸೆಯವರಂತೆ ಟೇಬಲ್ ಹಿಡಿದು ನಿಲ್ಲುತ್ತಾರೆ.

ಪಕ್ಕದ ಮಳಿಗೆಯ ಹಣದ ಲೆಕ್ಕ ಹೀಗಿದೆ. ಬಾಡಿಗೆ 18,000, ಅಲ್ಲಿಗೊಬ್ಬ ಹುಡುಗನ ಸಂಬಳ ಮತ್ತು ಊಟ 14,000 ಎಂದಿಟ್ಟುಕೊಳ್ಳಿ, ಒಟ್ಟು 32,000. ದಿನಸಿ, ಗ್ಯಾಸ್, ತೆರಿಗೆ ಕಳೆದು ಒಂದು ಟೋಕನ್‌ಗೆ ನಿಮ್ಮ ಕೈಯಲ್ಲಿ 25 ರೂಪಾಯಿ ಉಳಿಯುವುದಾದರೆ ತಿಂಗಳಿಗೆ 1,280 ಹೆಚ್ಚುವರಿ ಟೋಕನ್ ಬೇಕು. ಕೆಲಸದ ದಿನ 26 ಎಂದರೆ ದಿನಕ್ಕೆ ಐವತ್ತು. ಇದು ಖರ್ಚು ಸರಿದೂಗಿಸಲು ಮಾತ್ರ, ಲಾಭಕ್ಕಲ್ಲ. ಗೋಡೆ ಒಡೆಯುವ ಖರ್ಚು, ಮುಂಗಡ ಠೇವಣಿ ಇದರಲ್ಲಿ ಸೇರಿಲ್ಲ. ಅದೇ ಐವತ್ತು ಟೋಕನ್ ಒಲೆ ಬದಲಿಸುವುದರಿಂದ, ಎರಡು ಹಲಗೆ ಹಾಕಿಸುವುದರಿಂದ ಬಂದರೆ ಖರ್ಚು ಒಂದೇ ಸಲ, ಬಾಡಿಗೆ ಪ್ರತಿ ತಿಂಗಳು ಇರುವುದಿಲ್ಲ. 25 ಎಂಬುದು ನನ್ನ ಅಂದಾಜು. ನಿಮ್ಮ ಖಾತೆ ಪುಸ್ತಕದ ಸಂಖ್ಯೆ ಹಾಕಿ ಮತ್ತೊಮ್ಮೆ ಮಾಡಿ.

ಸಂಜೆ ಗಿರ್ಮಿಟ್-ಮಿರ್ಚಿ ಇಟ್ಟಿದ್ದರೆ ಅಲ್ಲಿಯೂ ಇದೇ ಕಣ್ಣಿನಿಂದ ನೋಡಿ. ಗಿರ್ಮಿಟ್ ಕಲಸಲು ಅರೆ ನಿಮಿಷ, ಮಿರ್ಚಿ ಕರಿಯಲು ಐದಾರು ನಿಮಿಷ. ತಡೆಯುವುದು ಬಾಣಲೆಯೇ. ಮಿರ್ಚಿಯನ್ನು ಮೊದಲೊಮ್ಮೆ ಅರೆಬರೆ ಕರಿದು ತೆಗೆದಿಟ್ಟು, ಟೋಕನ್ ಬಂದಾಗ ಜೋರು ಎಣ್ಣೆಯಲ್ಲಿ ಮತ್ತೊಮ್ಮೆ ಬಿಟ್ಟರೆ ಒಂದೂವರೆ ನಿಮಿಷದಲ್ಲಿ ಗರಿಗರಿಯಾಗುತ್ತದೆ. ಅರೆ ಕರಿದದ್ದನ್ನು ಒಂದು ಗಂಟೆಗಿಂತ ಹೆಚ್ಚು ಇಡಬೇಡಿ, ಒಳಗಿನ ಮೆಣಸಿನಕಾಯಿ ನೀರು ಬಿಟ್ಟು ಹಿಟ್ಟು ಹಸಿಹಸಿಯಾಗುತ್ತದೆ.

ಒಂದು ತಿಂಗಳಾದ ಮೇಲೆ ಮತ್ತೆ ಎರಡು ದಿನ ಅದೇ ಮೂಲೆಯಲ್ಲಿ ನಿಂತು ಎಣಿಸಿ. ಒಂಬತ್ತು ಗಂಟೆಗೆ ಬರೀ ಟೋಕನ್ ಹಿಡಿದವರು ಟೇಬಲ್‌ಗಳ ಬಳಿ ಇಲ್ಲದೆಯೂ, ತಟ್ಟೆ ಹಿಡಿದು ಜಾಗ ಹುಡುಕುವವರು ಪ್ರತಿ ಸಲ ನಾಲ್ಕೈದು ಮಂದಿ ಕಂಡರೆ ಮಳಿಗೆ ತೆಗೆದುಕೊಳ್ಳಿ. ಆಗಲೂ ಟೇಬಲ್‌ಗಳನ್ನು ಅಲ್ಲಿಗೆ ಹಾಕಬೇಡಿ. ಹಂಚಿನಿಂದ ದೂರದ ಕೋಣೆಗೆ ತಟ್ಟೆ ಹಿಡಿದು ಹೋಗಲು ಜನ ಮನಸ್ಸು ಮಾಡುವುದಿಲ್ಲ, ಹೊರಗಿನಿಂದಲೂ ಅದು ಖಾಲಿ ಅಂಗಡಿಯಂತೆ ಕಾಣುತ್ತದೆ. ಪಾತ್ರೆ ತೊಳೆಯುವುದು, ತರಕಾರಿ ಹೆಚ್ಚುವುದು, ರುಬ್ಬುವ ಯಂತ್ರ, ದಿನಸಿ ಇವನ್ನು ಆ ಮಳಿಗೆಗೆ ಸಾಗಿಸಿ, ಈಗಿನ ಅಡುಗೆ ಮನೆಯಲ್ಲಿ ತೆರವಾದ ಜಾಗದಲ್ಲಿ ಎರಡನೇ ಹಂಚನ್ನೂ ಅದರ ಮುಂದೆ ಮೂರು ಟೇಬಲ್‌ಗಳನ್ನೂ ಇಡಿ. ಕರಾರಿಗೆ ಸಹಿ ಹಾಕುವ ಮುನ್ನ ಆ ಮಳಿಗೆಗೆ ನೀರಿನ ಸಂಪರ್ಕ ಮತ್ತು ಒಳಚರಂಡಿ ಇದೆಯೇ ಎಂದು ನೋಡಿಕೊಳ್ಳಿ, ಅವೆರಡೂ ಇಲ್ಲದಿದ್ದರೆ ಆ ಬಾಡಿಗೆಗೆ ಅದು ನಿಮ್ಮ ಉಪಯೋಗಕ್ಕೆ ಬಾರದು.